ಕೆಟ್ಟ ಪ್ರಿಂಟು, ಉಳಿದ ಚೂರು: ಮನೆಯಲ್ಲಿ ಮರುಬಳಕೆ ಎಷ್ಟು ಸಾಧ್ಯ?

ಮನೆಯಲ್ಲಿಡುವ ತ್ರೀಡಿ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ವಸ್ತುವನ್ನು ಕಟ್ಟುತ್ತವೆ. ಫಿಲಮೆಂಟ್ ಎಂದು ಕರೆಯುವ ಈ ಎಳೆ 1.75 ಮಿಲಿಮೀಟರ್ ದಪ್ಪವಿರುತ್ತದೆ. ಒಂದು ಕಿಲೋ ಸುರುಳಿಯಲ್ಲಿ ಸುಮಾರು 330 ಮೀಟರ್ ಎಳೆ ಇರುತ್ತದೆ. ಸುರುಳಿಗೆ ಹಾಕಿದ್ದೆಲ್ಲ ವಸ್ತುವಾಗಿ ಹೊರಬರುವುದಿಲ್ಲ. ಮೊದಲ ಪದರ ತಟ್ಟೆಗೆ ಅಂಟದೆ ಮಧ್ಯದಲ್ಲೇ ಕಿತ್ತುಕೊಂಡು ಬಂದ ಪ್ರಿಂಟು ಹಾಳಾಗುತ್ತದೆ. ಗಾಳಿಯಲ್ಲಿ ಚಾಚಿಕೊಂಡ ಭಾಗಗಳಿಗೆ ಆಸರೆಯಾಗಿ ಕಟ್ಟಿದ ಸಪೋರ್ಟ್‌ಗಳನ್ನು ಕೊನೆಗೆ ಮುರಿದು ಎಸೆಯಬೇಕಾಗುತ್ತದೆ. ಹಲವು ಬಣ್ಣಗಳಲ್ಲಿ ಪ್ರಿಂಟ್ ಮಾಡುವ ಯಂತ್ರವಾದರೆ, ಪ್ರತಿ ಸಲ ಬಣ್ಣ ಬದಲಿಸುವಾಗಲೂ ನಾಝಲ್‌ನಲ್ಲಿ ಉಳಿದ ಹಳೆಯ ಬಣ್ಣವನ್ನು ಹೊರಗೆ ಉಗುಳುತ್ತದೆ. ಚಿಕ್ಕ ಬಣ್ಣದ ಗೊಂಬೆಯೊಂದರಲ್ಲಿ ಈ ಉಗುಳಿದ ಮುದ್ದೆಗಳ ತೂಕ ಗೊಂಬೆಯ ತೂಕವನ್ನೇ ಮೀರುವುದುಂಟು.

ಈ ಕಸವನ್ನು ಏನು ಮಾಡಬೇಕೆಂಬುದು ಮೊದಲಿಗೆ ಅದರ ಪ್ರಮಾಣವನ್ನು ಅವಲಂಬಿಸಿದೆ. ತಿಂಗಳಿಗೊಂದು ಕಿಲೋ ಸುರುಳಿ ಖರ್ಚು ಮಾಡುವ, ಒಂದೇ ಬಣ್ಣದಲ್ಲಿ ಕೆಲಸ ಮಾಡುವ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹತ್ತರಲ್ಲೊಂದು ಪಾಲು ಕಸವಾಯಿತು ಎಂದುಕೊಂಡರೆ ವರ್ಷಕ್ಕೆ 1.2 ಕಿಲೋ ಆಗುತ್ತದೆ. ನೋಡಲು ಅದು ದೊಡ್ಡ ರಾಶಿಯೇ, ಏಕೆಂದರೆ ಪ್ರಿಂಟ್‌ಗಳ ಒಳಗೆ ಟೊಳ್ಳು ಜಾಸ್ತಿ. ಆದರೆ ಕಿಲೋಗೆ ಸಾವಿರ ರೂಪಾಯಿ ಲೆಕ್ಕದಲ್ಲಿ ಅದರ ಬೆಲೆ ಹೊಸ ಎಳೆಯಾಗಿದ್ದಾಗಲೇ 1,200 ರೂಪಾಯಿ. ಮುಂದಿನ ಎಲ್ಲ ನಿರ್ಧಾರಗಳನ್ನೂ ಈ ಅಂಕಿಯ ಎದುರಿಗಿಟ್ಟು ತೂಗಬೇಕು.

ಯಾವ ಮರುಬಳಕೆಗೂ ಮೊದಲ ಹೆಜ್ಜೆ ಬೇರ್ಪಡಿಸುವುದು. ಮನೆಯ ಪ್ರಿಂಟರ್‌ಗಳಲ್ಲಿ ಹೆಚ್ಚು ಬಳಕೆಯಾಗುವುದು ಪಿಎಲ್‌ಎ, ಪೆಟ್‌ಜಿ ಮತ್ತು ಎಬಿಎಸ್ ಎಂಬ ಮೂರು ಪ್ಲಾಸ್ಟಿಕ್‌ಗಳು. ಚೂರಾದ ಮೇಲೆ ಮೂರೂ ಕಣ್ಣಿಗೆ ಒಂದೇ ತರಹ. ಆದರೆ ಅವು ಕರಗುವ ಉಷ್ಣತೆ ಬೇರೆ ಬೇರೆ, ಕರಗಿದ ಮೇಲೂ ಒಂದರೊಳಗೊಂದು ಬೆರೆಯುವುದಿಲ್ಲ. ಪಿಎಲ್‌ಎ ರಾಶಿಯಲ್ಲಿ ಹಿಡಿಯಷ್ಟು ಎಬಿಎಸ್ ಸೇರಿದರೂ ಅಚ್ಚಿನಿಂದ ತೆಗೆದ ಹಲಗೆ ಆ ಜಾಗದಲ್ಲೇ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಪ್ರಿಂಟರ್ ಪಕ್ಕದಲ್ಲೇ ಒಂದೊಂದು ಪ್ಲಾಸ್ಟಿಕ್‌ಗೂ ಒಂದೊಂದು ಮುಚ್ಚಳದ ಡಬ್ಬ ಇಟ್ಟು, ಹೆಸರು ಬರೆದು, ಚೂರು ಬಿದ್ದ ಕೂಡಲೇ ಅದರದರ ಡಬ್ಬಕ್ಕೆ ಹಾಕುವುದೇ ಸರಿಯಾದ ಕ್ರಮ. ಮರದ ಪುಡಿ, ಕಾರ್ಬನ್ ನಾರು, ಕತ್ತಲಲ್ಲಿ ಹೊಳೆಯುವ ಪುಡಿ ಬೆರೆಸಿದ ಎಳೆಗಳು ಹೆಸರಿಗೆ ಪಿಎಲ್‌ಎ ಆದರೂ ಆ ಡಬ್ಬಕ್ಕೆ ಸೇರಬಾರದು. ತಿರುಪು, ಅಯಸ್ಕಾಂತ, ಅಂಟು, ಬಣ್ಣ ಇರುವ ತುಂಡುಗಳನ್ನು ಅಷ್ಟು ಭಾಗ ಕತ್ತರಿಸಿಯೇ ಹಾಕಬೇಕು.

ಹಳೆಯ ರಾಶಿ ಬೆರೆತುಹೋಗಿದ್ದರೆ ಬಿಸಿನೀರಿನ ಪರೀಕ್ಷೆ ನೆರವಾಗುತ್ತದೆ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪೆಟ್‌ಜಿ 80ರ ಸುಮಾರಿಗೆ, ಎಬಿಎಸ್ 105ರ ಸುಮಾರಿಗೆ ಮೆತ್ತಗಾಗತೊಡಗುತ್ತವೆ. 70 ಡಿಗ್ರಿ ನೀರಿನಲ್ಲಿ ತೆಳ್ಳನೆಯ ತುಂಡನ್ನು ಒಂದು ನಿಮಿಷ ಅದ್ದಿ ಇಕ್ಕಳದಲ್ಲಿ ಬಗ್ಗಿಸಿದಾಗ ರಬ್ಬರಿನಂತೆ ಬಾಗಿದರೆ ಅದು ಪಿಎಲ್‌ಎ. ಅಲ್ಲಿ ಗಟ್ಟಿಯಾಗಿದ್ದು ಕುದಿಯುವ ನೀರಿನಲ್ಲಿ ಬಾಗಿದರೆ ಪೆಟ್‌ಜಿ. ಅಲ್ಲೂ ಬಾಗದಿದ್ದರೆ ಎಬಿಎಸ್ ಆಗಿರುವ ಸಂಭವ ಹೆಚ್ಚು. ಮೂರೇ ಪ್ಲಾಸ್ಟಿಕ್ ಬಳಸಿದ ಮನೆಗೆ ಇಷ್ಟು ಸಾಕು.

ಕಸವನ್ನು ಮತ್ತೆ ಎಳೆಯಾಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮನೆಯಲ್ಲಿ ಹೆಚ್ಚು ಸೋಲುವ ಉಪಾಯವೂ ಅದೇ. ಇದು ಅಸಾಧ್ಯವೇನಲ್ಲ. ಹ್ಯೂ ಲೈಮನ್ ಎಂಬ ಅಮೆರಿಕದ ಹಿರಿಯರೊಬ್ಬರು ಮನೆಯಲ್ಲೇ ಕಟ್ಟಬಹುದಾದ ಅಗ್ಗದ ಎಳೆ ಯಂತ್ರ ರೂಪಿಸಿ 2013ರಲ್ಲಿ ಸ್ಪರ್ಧೆಯೊಂದನ್ನು ಗೆದ್ದರು. ಅಲ್ಲಿಂದೀಚೆಗೆ ಇಂಥ ಹಲವು ಯಂತ್ರಗಳು ಬಂದಿವೆ. ಬಿಸಿ ಕೊಳವೆಯೊಳಗೆ ತಿರುಗುವ ಸ್ಕ್ರೂ ಪ್ಲಾಸ್ಟಿಕ್ ಹರಳುಗಳನ್ನು ತಳ್ಳಿ, ಕರಗಿಸಿ, ತೂತಿನಿಂದ ಎಳೆಯಾಗಿ ಹೊರಡಿಸುತ್ತದೆ. ಆದರೆ ಆ ಯಂತ್ರಗಳು ಸುಲಭವಾಗಿ ತಿನ್ನುವುದು ಒಂದೇ ಗಾತ್ರದ ಹೊಸ ಹರಳುಗಳನ್ನು. ಕೆಟ್ಟ ಪ್ರಿಂಟ್‌ಗಳನ್ನು ಹಾಗೆ ಮಾಡಬೇಕಾದರೆ ಸುಮಾರು 4 ಮಿಲಿಮೀಟರ್‌ಗಿಂತ ಚಿಕ್ಕ ಚೂರುಗಳಾಗಿ ಅರೆಯಬೇಕು. ಅಡುಗೆಮನೆಯ ಮಿಕ್ಸಿ ಇದಕ್ಕೆ ಒಗ್ಗುವುದಿಲ್ಲ. ದಪ್ಪ ತುಂಡಿಗೆ ಬ್ಲೇಡು ಸಿಕ್ಕಿಕೊಳ್ಳುತ್ತದೆ, ಓಡುತ್ತಾ ಹೋದಂತೆ ಬಿಸಿಯಾಗಿ ಪಿಎಲ್‌ಎ ಮೆತ್ತಗಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಅರೆದ ಚೂರುಗಳೂ ಮೊನಚಾಗಿ, ಒಂದಕ್ಕೊಂದು ಸಿಕ್ಕಿಕೊಂಡು ಯಂತ್ರದ ಬಾಯಲ್ಲೇ ಕಮಾನು ಕಟ್ಟಿ ನಿಲ್ಲುತ್ತವೆ.

ನಿಜವಾದ ತೊಡಕು ಎಳೆಯ ದಪ್ಪದಲ್ಲಿದೆ. ಅಂಗಡಿಯ ಎಳೆಯಲ್ಲಿ ದಪ್ಪದ ವ್ಯತ್ಯಾಸ 0.05 ಮಿಲಿಮೀಟರ್ ಒಳಗಿರುತ್ತದೆ, ಒಳ್ಳೆಯದರಲ್ಲಿ ಇನ್ನೂ ಕಡಿಮೆ. ಪ್ರಿಂಟರ್ ಎಳೆಯ ಉದ್ದವನ್ನಷ್ಟೇ ಅಳೆದು ತಳ್ಳುತ್ತದೆ, ಆದರೆ ಹೊರಬರುವ ಪ್ಲಾಸ್ಟಿಕ್ ದಪ್ಪದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ 1.75ರಿಂದ 1.85ಕ್ಕೆ ಏರಿದರೆ ಪ್ಲಾಸ್ಟಿಕ್ ಶೇಕಡಾ 12ರಷ್ಟು ಹೆಚ್ಚು ಬರುತ್ತದೆ. 1.65ಕ್ಕೆ ಇಳಿದರೆ ಶೇಕಡಾ 11ರಷ್ಟು ಕಡಿಮೆಯಾಗುತ್ತದೆ. ಮೊದಲನೆಯದರಲ್ಲಿ ಮೇಲ್ಮೈ ಉಬ್ಬುತ್ತದೆ, ಎರಡನೆಯದರಲ್ಲಿ ಪದರಗಳ ನಡುವೆ ಸಂದು ಬಿಡುತ್ತದೆ. 2 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ದಪ್ಪ ಎಳೆ ಸಿಕ್ಕಿಕೊಂಡರೆ ಪ್ರಿಂಟು ಮತ್ತೆ ಹಾಳು. ಕಸ ಕಡಿಮೆ ಮಾಡಲು ಹೊರಟು ಕಸ ಹೆಚ್ಚಿಸಿಕೊಂಡಂತಾಗುತ್ತದೆ.

ತೇವ ಎರಡನೆಯ ಶತ್ರು. ಪಿಎಲ್‌ಎ ಒಳಗೆ ಹೀರಿಕೊಂಡ ನೀರು ಕರಗುವ ಬಿಸಿಯಲ್ಲಿ ಅದರ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಪ್ರತಿ ಸಲ ಕರಗಿಸಿದಾಗಲೂ ಸರಪಳಿ ಗಿಡ್ಡವಾಗಿ, ಪ್ಲಾಸ್ಟಿಕ್ ಪೆಡಸಾಗುತ್ತಾ ಹೋಗುತ್ತದೆ. ತೇವ ಉಳಿದಿದೆಯೆಂಬುದಕ್ಕೆ ಗುರುತು ನಾಝಲ್‌ನಲ್ಲಿ ಕೇಳುವ ಚಟಪಟ ಸದ್ದು ಮತ್ತು ಎಳೆಯೊಳಗಿನ ಗುಳ್ಳೆಗಳು. ಸರಪಳಿ ಮುರಿದಿದೆಯೆಂಬುದಕ್ಕೆ ಗುರುತು ಬಗ್ಗಿಸಿದ ಕೂಡಲೇ ಟಕ್ಕೆಂದು ತುಂಡಾಗುವ ಎಳೆ. ಹೀಗಾಗಿ ಎಳೆ ಮಾಡುವವರು ಚೂರುಗಳನ್ನು 45ರಿಂದ 50 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಅರ್ಧದಷ್ಟಾದರೂ ಹೊಸ ಹರಳು ಬೆರೆಸುತ್ತಾರೆ. ಅರೆಯುವ, ಒಣಗಿಸುವ, ಎಳೆಯುವ, ಸುತ್ತುವ ಸಲಕರಣೆಗಳೆಲ್ಲ ಸೇರಿದರೆ ಹತ್ತಾರು ಸಾವಿರ ರೂಪಾಯಿ ಬೇಕು. ವರ್ಷಕ್ಕೆ 1,200 ರೂಪಾಯಿ ಬೆಲೆಯ ಕಸಕ್ಕಾಗಿ ಅಷ್ಟು ಹಾಕುವುದರಲ್ಲಿ ಅರ್ಥವಿಲ್ಲ. ಯಂತ್ರ ಕಟ್ಟುವುದೇ ಇಷ್ಟವಾದ ಹವ್ಯಾಸಿಗಳ ಮಾತು ಬೇರೆ.

ಮನೆಯಲ್ಲಿ ನಿಜವಾಗಿ ಕೈಗೂಡುವುದು ಕರಗಿಸಿ ಹಲಗೆ ಮಾಡುವ ಕೆಲಸ, ಅದೂ ಪಿಎಲ್‌ಎಗೆ ಮಾತ್ರ. ಇಲ್ಲಿ ದಪ್ಪದ ಕರಾರುವಾಕ್ಕು ಬೇಕಿಲ್ಲ, ನುಣ್ಣಗೆ ಅರೆಯಬೇಕಾಗಿಯೂ ಇಲ್ಲ. ಇಕ್ಕಳದಿಂದ ಬೆರಳಗಲಕ್ಕೆ ಮುರಿದ ತುಂಡುಗಳೇ ಸಾಕು. 15 ಸೆಂಟಿಮೀಟರ್ ಚೌಕದ, 1 ಸೆಂಟಿಮೀಟರ್ ದಪ್ಪದ ಹಲಗೆಗೆ 225 ಘನ ಸೆಂಟಿಮೀಟರ್ ಪ್ಲಾಸ್ಟಿಕ್ ಬೇಕು. ಪಿಎಲ್‌ಎ ಸಾಂದ್ರತೆ 1.24 ಆದ್ದರಿಂದ ತೂಕ ಸುಮಾರು 280 ಗ್ರಾಂ. ಉದಾಹರಣೆಯ ಮನೆಯ ಒಂದು ವರ್ಷದ ಕಸ ಇಂಥ ನಾಲ್ಕು ಹಲಗೆಗಳಿಗೆ ಸಾಕಾಗುತ್ತದೆ.

ಒಣಗಿಸಿದ ತುಂಡುಗಳನ್ನು ಕೇಕ್ ಬೇಯಿಸುವ ಸಿಲಿಕೋನ್ ಅಚ್ಚಿಗೆ ತುಂಬಿ, ಅಚ್ಚನ್ನು ಲೋಹದ ತಟ್ಟೆಯ ಮೇಲಿಟ್ಟು ಓವನ್ ಅನ್ನು 190 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು. ಅಚ್ಚು ಅಷ್ಟು ಬಿಸಿ ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ತುಂಡುಗಳ ನಡುವಿನ ಗಾಳಿಯಿಂದಾಗಿ ತುಂಬಿದ ಅಚ್ಚು ಅರ್ಧ ಗಂಟೆಯಲ್ಲಿ ಕುಸಿದು ತೆಳ್ಳಗಾಗುತ್ತದೆ. ಆಗ ಇನ್ನಷ್ಟು ತುಂಡು ಸೇರಿಸಬೇಕು, ಹೀಗೆ ಎರಡು ಮೂರು ಸುತ್ತು. ಕರಗಿದ ಪಿಎಲ್‌ಎ ನೀರಿನಂತೆ ಹರಿಯುವುದಿಲ್ಲ, ಗಟ್ಟಿ ಪಾಕದ ಹದದಲ್ಲಿ ನಿಲ್ಲುತ್ತದೆ. ಆದ್ದರಿಂದ ಕೊನೆಯಲ್ಲಿ ಬೇಕಿಂಗ್ ಪೇಪರ್ ಹೊದಿಸಿ ಮೇಲಿಂದ ಭಾರದ ತಟ್ಟೆಯಿಂದ ಒತ್ತದಿದ್ದರೆ ಒಳಗೆ ಗುಳ್ಳೆ ಉಳಿಯುತ್ತದೆ. ಓವನ್ ಆರಿಸಿ, ಭಾರ ತೆಗೆಯದೆ ಒಳಗೇ ನಿಧಾನವಾಗಿ ತಣಿಯಲು ಬಿಡಬೇಕು. ಬೇಗ ಹೊರತೆಗೆದ ಹಲಗೆಯ ಅಂಚುಗಳು ಮೇಲಕ್ಕೆ ಬಾಗುತ್ತವೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಕಟು ವಾಸನೆ ಬಂದರೆ ಬಿಸಿ ಹೆಚ್ಚಾಗಿದೆಯೆಂದೇ ಅರ್ಥ.

ಈ ಕೆಲಸಕ್ಕೆ ಬಳಸಿದ ಓವನ್ ಮತ್ತು ಅಚ್ಚನ್ನು ಮತ್ತೆಂದೂ ಅಡುಗೆಗೆ ಬಳಸಬಾರದು. ಹಳೆಯ ಸಣ್ಣ ಓವನ್ ಒಂದನ್ನು ಇದಕ್ಕೇ ಮೀಸಲಿಟ್ಟು ಬಾಲ್ಕನಿಯಲ್ಲೋ ಕಿಟಕಿ ತೆರೆದ ಕೋಣೆಯಲ್ಲೋ ಇಡಬೇಕು. ಎಬಿಎಸ್ ಕಾಯಿಸಿದಾಗ ಹೊರಡುವ ಸ್ಟೈರೀನ್ ಹಬೆ ಹಾನಿಕಾರಕ, ಅದನ್ನು ಮನೆಯ ಓವನ್‌ನಲ್ಲಿ ಕರಗಿಸಲೇಬಾರದು. ಸಿಕ್ಕಿದ ಹಲಗೆಯನ್ನು ಗರಗಸದಿಂದ ಕೊಯ್ಯಬಹುದು, ಕೊರೆಯಬಹುದು, ಉಜ್ಜಬಹುದು. ಕುಂಡದ ತಟ್ಟೆ, ಹಿಡಿಕೆ, ಗಡಿಯಾರದ ಮುಖ, ಮೇಜಿನ ಕಾಲಿನ ಕೆಳಗಿಡುವ ಬಿಲ್ಲೆ ಇವಕ್ಕೆಲ್ಲ ಅದು ಒಗ್ಗುತ್ತದೆ. ಬಿಸಿ ಪಾತ್ರೆಯ ಕೆಳಗಿಡಲು ಮಾತ್ರ ಬಾರದು, 60 ಡಿಗ್ರಿಗೇ ಅದು ಸೋಲುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಅದು ಬಾಗಬಹುದು.

ಎಬಿಎಸ್ ಚೂರುಗಳಿಗೆ ಬೇರೆಯದೇ ದಾರಿಯಿದೆ. ಅದು ಅಸಿಟೋನ್‌ನಲ್ಲಿ ಕರಗುತ್ತದೆ. ಗಾಜಿನ ಬಾಟಲಿಯಲ್ಲಿ ಚೂರುಗಳನ್ನು ನೆನೆಹಾಕಿದರೆ ಮರುದಿನಕ್ಕೆ ಸಿಗುವ ದ್ರಾವಣ ಎಬಿಎಸ್ ತುಂಡುಗಳನ್ನು ಅಂಟಿಸಲು, ಬಿರುಕು ತುಂಬಲು, ಮೊದಲ ಪದರ ತಟ್ಟೆಗೆ ಅಂಟುವಂತೆ ಸವರಲು ಬರುತ್ತದೆ. ವರ್ಷಕ್ಕೆ ಒಂದು ಸಣ್ಣ ಬಾಟಲಿ ಸಾಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರವಿಡಬೇಕು. ಪೆಟ್‌ಜಿಗೆ ಮನೆಯಲ್ಲಿ ಇಂಥ ಸುಲಭದ ಉಪಯೋಗ ಯಾವುದೂ ಇಲ್ಲ.

ಪಿಎಲ್‌ಎ ಜೋಳದಂಥ ಬೆಳೆಯಿಂದ ಬಂದದ್ದು, ಮಣ್ಣಲ್ಲಿ ಕರಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮೂಲ ಬೆಳೆಯೇ ನಿಜ, ಆದರೆ ಅದು ಕೊಳೆಯಲು ಸುಮಾರು 60 ಡಿಗ್ರಿ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕೈಗಾರಿಕಾ ಗೊಬ್ಬರ ಘಟಕ ಬೇಕು. ಹಿತ್ತಲ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ನೀರಿನ ಬಾಟಲಿಗಳ ಜೊತೆ ಹಾಕುವುದೂ ತಪ್ಪು. ಬಾಟಲಿಯ ಪೆಟ್ ಕರಗುವ ಬಿಸಿಯಲ್ಲಿ ಪಿಎಲ್‌ಎ ಕೆಡುತ್ತದೆ, ಪೆಟ್‌ಜಿ ಹೆಸರಲ್ಲಿ ಹತ್ತಿರವಿದ್ದರೂ ಬಾಟಲಿ ಚೂರುಗಳನ್ನು ಒಣಗಿಸುವಾಗಲೇ ಮೆತ್ತಗಾಗಿ ಮುದ್ದೆ ಕಟ್ಟುತ್ತದೆ. ಬೇರೆ ದಾರಿಯಿಲ್ಲದ ಚೂರುಗಳು ಒಣ ಕಸಕ್ಕೆ ಹೋಗಬೇಕು. ಸುಡುವುದು ಯಾವ ಕಾರಣಕ್ಕೂ ಬೇಡ.

ಎಲ್ಲಕ್ಕಿಂತ ಹೆಚ್ಚು ಉಳಿತಾಯ ಕಸ ಹುಟ್ಟುವ ಮೊದಲೇ ಇದೆ. ಮೊದಲ ಪದರ ಮುಗಿಯುವವರೆಗೆ ಪಕ್ಕದಲ್ಲಿ ನಿಂತು ನೋಡಿ, ಅಂಟದಿದ್ದರೆ ಅಲ್ಲೇ ನಿಲ್ಲಿಸಿದರೆ ನೂರು ಗ್ರಾಂ ಬದಲು ಎರಡು ಗ್ರಾಂ ಹಾಳಾಗುತ್ತದೆ. ವಸ್ತುವನ್ನು ಮಗ್ಗುಲಿಗೆ ತಿರುಗಿಸಿಟ್ಟರೆ ಎಷ್ಟೋ ಸಲ ಸಪೋರ್ಟ್ ಬೇಕಾಗುವುದೇ ಇಲ್ಲ. ಬಣ್ಣದ ಪ್ರಿಂಟ್‌ನಲ್ಲಿ ಯಂತ್ರ ಉಗುಳುವುದು ಪದರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ವಸ್ತುವಿಗೆ ಇಷ್ಟು ಎಂದಲ್ಲ. ಹತ್ತು ಗೊಂಬೆ ಬೇಕಿದ್ದರೆ ಹತ್ತನ್ನೂ ಒಂದೇ ತಟ್ಟೆಯಲ್ಲಿ ಪ್ರಿಂಟ್ ಮಾಡಿದಾಗ ಒಂದು ಗೊಂಬೆಗೆ ಹೋಗುವಷ್ಟೇ ಪ್ಲಾಸ್ಟಿಕ್ ಬಣ್ಣ ಬದಲಾವಣೆಗೆ ಹೋಗುತ್ತದೆ.

ಎಳೆ ಮಾಡುವ ಯಂತ್ರಕ್ಕೆ ನ್ಯಾಯ ಸಿಗುವುದು ಹಲವರ ಕಸ ಒಂದೆಡೆ ಸೇರಿದಾಗ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ, ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ತ್ರೀಡಿ ಪ್ರಿಂಟರ್‌ಗಳಿವೆ. ಊರಿನ ನಾಲ್ಕಾರು ಕಡೆಯ ಒಂದೇ ಬಗೆಯ ಪಿಎಲ್‌ಎ ಒಂದು ಕಾಲೇಜಿಗೆ ಬಂದು ಬೀಳುವಂತಾದರೆ ಅರೆಯುವ ಯಂತ್ರಕ್ಕೂ, ಎಳೆಯ ದಪ್ಪ ಅಳೆದು ಸರಿಪಡಿಸುವ ವಿದ್ಯಾರ್ಥಿಗಳ ಶ್ರಮಕ್ಕೂ ಬೆಲೆ ಬರುತ್ತದೆ. ಒಂದೇ ಪ್ರಿಂಟರ್ ಇರುವ ಮನೆಗೆ ಬೇಕಾದ್ದು ಹೆಸರು ಬರೆದ ಡಬ್ಬಗಳು, ವರ್ಷಕ್ಕೊಮ್ಮೆ ಹಲಗೆ ಎರಕ ಹೊಯ್ಯುವಷ್ಟು ವ್ಯವಧಾನ. ಅದಕ್ಕೂ ಪುರುಸೊತ್ತಿಲ್ಲದವರು ಬೇರ್ಪಡಿಸಿದ ಡಬ್ಬವನ್ನು ಹಲಗೆ ಮಾಡುವವರ ಕೈಗೆ ಕೊಟ್ಟರೂ ಆಯಿತು.