ಹೊಡೆತಕ್ಕೆ ಮರುಹೊಡೆತ, ಆದರೆ ಒಂದು ನಡೆ ತಡೆದು

1924ರ ನ್ಯೂಯಾರ್ಕ್ ಚೆಸ್ ಟೂರ್ನಿ. ಕರಿ ಕಾಯಿಗಳ ಹಿಂದೆ ಕುಳಿತವರು ಆಗಿನ ವಿಶ್ವ ಚಾಂಪಿಯನ್, ಕ್ಯೂಬಾದ ಹೋಸೆ ರೌಲ್ ಕಾಪಾಬ್ಲಾಂಕಾ. ಎದುರಿಗೆ ಸಾವಿಯೆಲಿ ಟಾರ್ಟಕೋವರ್. ಆಟವನ್ನು ಸಾಹಸದಿಂದ ಆಡುವವರು, ಚೆಸ್ ಬಗ್ಗೆ ಚುರುಕಾಗಿ ಬರೆಯುತ್ತಿದ್ದವರು. ಒಂಬತ್ತನೇ ನಡೆಯಲ್ಲಿ ಟಾರ್ಟಕೋವರ್ ತಮ್ಮ ಒಂಟೆಯಿಂದ ಕಾಪಾಬ್ಲಾಂಕಾರ ಕುದುರೆಯೊಂದನ್ನು ಹೊಡೆದರು. ಆ ಒಂಟೆ ಬಂದು ಕುಳಿತದ್ದು ಕರಿ ಆನೆಯ ಮಗ್ಗುಲಲ್ಲೇ. ಕೈ ಚಾಚಿ ಹೊಡೆದರೆ ಲೆಕ್ಕ ಚುಕ್ತಾ. ಕಾಪಾಬ್ಲಾಂಕಾ ಅದನ್ನು ಮುಟ್ಟಲಿಲ್ಲ. ಬೇರೆಡೆ ಇದ್ದ ಇನ್ನೊಂದು ಕುದುರೆಯನ್ನು ಎತ್ತಿ ಹಲಗೆಯ ನಡುವಿನ ಮನೆಗೆ ತಂದಿಟ್ಟರು.

ಚೆಸ್ ಲೋಕ ಇದನ್ನು ‘ಟ್ಸ್ವಿಶೆನ್‌ಟ್ಸುಗ್’ ಎಂಬ ಜರ್ಮನ್ ಹೆಸರಿನಿಂದ ಗುರುತಿಸುತ್ತದೆ. ನಡುವಿನ ನಡೆ ಎಂದರೆ ಸಾಕು. ಎದುರಾಳಿ ಕಾಯಿ ಹೊಡೆದಾಗ ತಕ್ಷಣ ತಿರುಗಿ ಹೊಡೆಯದೆ, ಮೊದಲು ಇನ್ನೂ ದೊಡ್ಡದೊಂದು ಬೆದರಿಕೆ ಒಡ್ಡುವುದು. ಅವನು ಅದಕ್ಕೆ ಉತ್ತರ ಕೊಡುವುದರಲ್ಲಿ ತೊಡಗಿದಾಗ ಬಾಕಿ ಉಳಿಸಿದ ಹೊಡೆತವನ್ನು ತೀರಿಸಿಕೊಳ್ಳುವುದು.

ಕಾಪಾಬ್ಲಾಂಕಾ ಯಾಕೆ ಕಾದರು ಎಂಬುದು ತಿಳಿಯಬೇಕಾದರೆ ಹಲಗೆಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಬಿಳಿಯ ಕಡೆಯಿಂದ ನೋಡಿದರೆ ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಅಡ್ಡಸಾಲುಗಳಿಗೆ ಕೆಳಗಿನಿಂದ ಮೇಲಕ್ಕೆ 1ರಿಂದ 8. ಬಿಳಿಯ ರಾಜ ಎಫ್1ರಲ್ಲಿ, ರಾಣಿ ಡಿ1ರಲ್ಲಿ. ರಾಜ ಆಗಲೇ ಒಮ್ಮೆ ಸರಿದಿದ್ದರಿಂದ ಕೋಟೆ ಕಟ್ಟುವ ಹಕ್ಕು ಹೋಗಿತ್ತು. ಕರಿಯ ರಾಜ ಇನ್ನೂ ಇ8ರಲ್ಲೇ ಇದ್ದ, ಕರಿ ಒಂಟೆಯೊಂದು ಬಿ4ರಲ್ಲಿ ಯಾರ ಕಾವಲೂ ಇಲ್ಲದೆ ನಿಂತಿತ್ತು.

ಟಾರ್ಟಕೋವರ್ ಬೀಸಿದ್ದು ಈ ಒಂಟಿ ಒಂಟೆಗೆ ಬಲೆ. ಅವರ ಒಂಟೆ ಹೊಡೆದದ್ದು ಬಿ8ರಲ್ಲಿದ್ದ ಕುದುರೆಯನ್ನು. ಕರಿ ಆನೆ ತಿರುಗಿ ಹೊಡೆದಿದ್ದರೆ ಬಿಳಿಯ ರಾಣಿ ಎ4ಕ್ಕೆ ಬಂದು ಚೆಕ್ ಕೊಡುತ್ತಿತ್ತು. ಅದೇ ಮನೆಯಿಂದ ಬಿ4ರ ಒಂಟೆಯ ಮೇಲೂ ಅದರ ಕಣ್ಣು. ಆ ಚೆಕ್‌ಗೆ ಒಳ್ಳೆಯ ಉತ್ತರವಾಗುತ್ತಿದ್ದುದು ಬಿ8ರ ಕುದುರೆಯೇ. ಅದು ಸಿ6ಕ್ಕೆ ಬಂದಿದ್ದರೆ ಚೆಕ್ ತಡೆದು ಒಂಟೆಯನ್ನೂ ಕಾಯುತ್ತಿತ್ತು. ಅದನ್ನೇ ಹೊಡೆದು ಹಾಕಿದ ಮೇಲೆ ರಾಜನನ್ನು ಉಳಿಸಿದರೆ ಒಂಟೆ ಹೋಗಬೇಕು. ಲೆಕ್ಕ ಅಚ್ಚುಕಟ್ಟಾಗಿತ್ತು.

ಗಮನಿಸಬೇಕಾದದ್ದೆಂದರೆ ಟಾರ್ಟಕೋವರ್ ಆಡಿದ್ದೂ ನಡುವಿನ ನಡೆಯೇ. ಅದಕ್ಕೂ ಮುಂಚಿನ ನಡೆಯಲ್ಲಿ ಕಾಪಾಬ್ಲಾಂಕಾ ಸಿ4ರಲ್ಲಿದ್ದ ಪದಾತಿಯನ್ನು ಹೊಡೆದಿದ್ದರು. ಬಿಳಿಯ ಸಹಜ ಉತ್ತರ ಅದನ್ನು ಇನ್ನೊಂದು ಒಂಟೆಯಿಂದ ತಿರುಗಿ ಹೊಡೆಯುವುದು. ಪದಾತಿ ಎಲ್ಲಿಗೂ ಹೋಗುವುದಿಲ್ಲ, ಮೊದಲು ಕುದುರೆ ಎಂದು ಟಾರ್ಟಕೋವರ್ ನಿರ್ಧರಿಸಿದರು. ಆದರೆ ಎಫ್4ರಲ್ಲಿದ್ದ ಆ ಒಂಟೆ ಇ3 ಎಂಬ ಮನೆಯನ್ನು ಕಾಯುತ್ತಿತ್ತು. ಅದು ಬಿ8ಕ್ಕೆ ಹೋದೊಡನೆ ಇ3 ಬಯಲಾಯಿತು.

ಕಾಪಾಬ್ಲಾಂಕಾ ಎಫ್6ರ ಕುದುರೆಯನ್ನು ಡಿ5ಕ್ಕೆ ತಂದದ್ದು ಆ ಮನೆಗಾಗಿ. ಅಲ್ಲಿಂದ ಇ3ಕ್ಕೆ ಜಿಗಿದರೆ ರಾಜನಿಗೆ ಚೆಕ್, ಜೊತೆಗೆ ರಾಣಿಯ ಮೇಲೆ ದಾಳಿ. ರಾಜ ಸರಿದಾಗ ರಾಣಿ ಹೋದ ಹಾಗೆಯೇ. ಡಿ5ರ ಕುದುರೆ ಬಿ4ರ ಒಂಟೆಗೂ ಕಾವಲಾಯಿತು, ಹಾಗಾಗಿ ರಾಣಿಯ ಎ4 ಚೆಕ್‌ನ ಹಲ್ಲು ಕಿತ್ತಂತಾಯಿತು. ಕುದುರೆ ಜಿ4ಕ್ಕೆ ಹೋಗಿದ್ದರೂ ಇ3ರ ಬೆದರಿಕೆ ಇರುತ್ತಿತ್ತು. ಆದರೆ ಅಲ್ಲಿ ಅದನ್ನು ಇ2ರ ಒಂಟೆ ಸುಮ್ಮನೆ ಹೊಡೆಯುತ್ತಿತ್ತು, ಬಿ4ಕ್ಕೂ ಕಾವಲು ಸಿಗುತ್ತಿರಲಿಲ್ಲ. ಬೆದರಿಕೆ ಹಾಕುವುದು, ತನ್ನ ದೌರ್ಬಲ್ಯ ಮುಚ್ಚುವುದು, ಎರಡನ್ನೂ ಒಟ್ಟಿಗೆ ಮಾಡಬಲ್ಲ ಮನೆ ಡಿ5 ಮಾತ್ರ.

ಟಾರ್ಟಕೋವರ್ ರಾಜನನ್ನು ಎಫ್2ಕ್ಕೆ ತಂದು ಇ3ಕ್ಕೆ ಅಡ್ಡ ನಿಂತರು. ಆಗ, ಮುಂಚೆ ಅಲ್ಲ, ಕಾಪಾಬ್ಲಾಂಕಾರ ಆನೆ ಬಿ8ರ ಒಂಟೆಯನ್ನು ಹೊಡೆಯಿತು. 11ನೇ ನಡೆಯಲ್ಲಿ ಬಿಳಿಗೂ ಸಿ4ರ ಪದಾತಿ ಸಿಕ್ಕಿತು. ಕಾಯಿಗಳ ಲೆಕ್ಕದಲ್ಲಿ ಇಬ್ಬರೂ ಸಮ. ಸಮವಲ್ಲದ್ದು ರಾಜರ ಸ್ಥಿತಿ: ಕರಿ ಕೂಡಲೇ ಕೋಟೆ ಕಟ್ಟಿ ಕುಳಿತಿತು, ಬಿಳಿಯ ರಾಜ ಬಯಲಲ್ಲಿ ಉಳಿದ. 14ನೇ ನಡೆಯಲ್ಲಿ ಕುದುರೆಯ ಚೆಕ್ ಬಂದಾಗ ರಾಜ ಜಿ1ಕ್ಕೆ ಓಡಬೇಕಾಯಿತು, ಎಚ್1ರ ಆನೆ ಮೂಲೆಯಲ್ಲಿ ಸಿಕ್ಕಿಬಿತ್ತು. ಆಟ ಮುಗಿಯುವವರೆಗೂ ಆ ಆನೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. 30ನೇ ನಡೆಯಾದ ಮೇಲೆ ಟಾರ್ಟಕೋವರ್ ಸೋಲೊಪ್ಪಿದರು. (ಟೂರ್ನಿಯಲ್ಲಿ ಮೊದಲ ಸ್ಥಾನ ಮಾತ್ರ ಐವತ್ತೈದು ದಾಟಿದ್ದ ಇಮ್ಯಾನುಯೆಲ್ ಲಾಸ್ಕರ್ ಅವರದಾಯಿತು, ಕಾಪಾಬ್ಲಾಂಕಾ ಎರಡನೆಯವರು.)

ಇದು ಇಪ್ಪತ್ತನೇ ಶತಮಾನದ ಶೋಧವೇನಲ್ಲ. 1857ರಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ ಇಪ್ಪತ್ತರ ಹರೆಯದ ಪಾಲ್ ಮಾರ್ಫಿ, ಥಿಯೊಡರ್ ಲಿಕ್ಟೆನ್‌ಹೈನ್ ವಿರುದ್ಧ ಇದನ್ನೇ ಮಾಡಿದ್ದರು. ಇ4ರಲ್ಲಿದ್ದ ತಮ್ಮ ಕುದುರೆಯನ್ನು ಬಿಳಿಯ ಒಂಟೆ ಹೊಡೆದಾಗ ಪದಾತಿಯಿಂದ ತಿರುಗಿ ಹೊಡೆಯಬಹುದಿತ್ತು. ಮಾರ್ಫಿ ಮೊದಲು ರಾಣಿಯನ್ನು ಎಚ್4ಕ್ಕೆ ಕಳಿಸಿದರು. ಎಫ್2ರಲ್ಲಿ ಚೆಕ್‌ಮೇಟ್ ಬೆದರಿಕೆ ಎದುರಾದ್ದರಿಂದ ಬಿಳಿಯ ಒಂಟೆಗೆ ಓಡಿಹೋಗುವಷ್ಟು ಪುರುಸೊತ್ತಿರಲಿಲ್ಲ. ಲಿಕ್ಟೆನ್‌ಹೈನ್ ತಮ್ಮ ರಾಣಿಯನ್ನು ಕಾವಲಿಗೆ ತಂದರು, ಪದಾತಿ ಆಮೇಲೆ ಒಂಟೆಯನ್ನು ಹೊಡೆಯಿತು. ಮಾರ್ಫಿಗೆ ದಾಳಿಯ ಮನೆಯಲ್ಲಿ ರಾಣಿ ಪುಕ್ಕಟೆಯಾಗಿ ಬಂದು ನಿಂತಂತಾಯಿತು. ಅವರು 19 ನಡೆಗಳಲ್ಲಿ ಗೆದ್ದರು.

ಎರಡೂ ಆಟಗಳನ್ನು ಪಕ್ಕಪಕ್ಕ ಇಟ್ಟರೆ, ಯಾವಾಗ ಕಾಯಬಹುದು ಎಂಬುದು ಬೆದರಿಕೆಯ ತೂಕದ ಮೇಲೆ ನಿಂತಿದೆ ಎಂದು ಕಾಣುತ್ತದೆ. ಬಾಕಿ ಇರುವುದು ಒಂದು ಒಂಟೆಯ ಬೆಲೆ. ಒಡ್ಡುವ ಬೆದರಿಕೆ ಅದಕ್ಕಿಂತ ದೊಡ್ಡದಿರಬೇಕು: ರಾಣಿ, ಚೆಕ್‌ಮೇಟ್, ಇಲ್ಲವೇ ನೇರ ಚೆಕ್. ಪದಾತಿಯೊಂದರ ಮೇಲೆ ಕಣ್ಣು ಹಾಕಿದರೆ ಎದುರಾಳಿ ನಗುತ್ತಾ ತನ್ನ ಒಂಟೆಯನ್ನು ವಾಪಸು ಕರೆದುಕೊಳ್ಳುತ್ತಾನೆ, ಒಂದು ಕಾಯಿ ನಷ್ಟವಾಗುತ್ತದೆ. ಎದುರಾಳಿಗೂ ನಡುವಿನ ನಡೆ ಇರಬಹುದು ಎಂಬುದು ಎರಡನೆಯ ಅಪಾಯ. ಅದು ಚೆಕ್ ಆಗಿದ್ದರೆ ನಮ್ಮ ಬೆದರಿಕೆ ಎಷ್ಟೇ ದೊಡ್ಡದಿದ್ದರೂ ಸರದಿಯಲ್ಲಿ ಹಿಂದೆ ಬೀಳುತ್ತದೆ. ಟಾರ್ಟಕೋವರ್ ಮೊದಲ ಲೆಕ್ಕವನ್ನು ಸರಿಯಾಗಿ ಮಾಡಿದ್ದರು, ಎರಡನೆಯದರಲ್ಲಿ ಒಂದು ಕುದುರೆ ಜಿಗಿತ ತಪ್ಪಿಹೋಯಿತು.

ಕಾಪಾಬ್ಲಾಂಕಾರ ಆಟದಲ್ಲೇ ಆಡದೆ ಉಳಿದ ಒಂದು ದಾರಿ ಈ ಎರಡನೆಯ ಅಪಾಯವನ್ನು ಚೆನ್ನಾಗಿ ತೋರಿಸುತ್ತದೆ. ಕುದುರೆ ಡಿ5ಕ್ಕೆ ಬಂದ ಮೇಲೆ ಬಿಳಿ ರಾಜನನ್ನು ಸರಿಸದೆ, ಒಂಟೆಯನ್ನೇ ಎಫ್4ಕ್ಕೆ ಮರಳಿಸಬಹುದಿತ್ತು. ಆಗ ಇ3ಕ್ಕೆ ಮತ್ತೆ ಕಾವಲು. ಆ ಒಂಟೆ ಡಿ5ರ ಕುದುರೆಯ ಬಾಯಿಗೇ ಬಂದು ನಿಂತಂತೆ ಕಾಣುತ್ತದೆ; ಮೊದಲ ಆಸೆ ಅದನ್ನು ಹೊಡೆಯುವುದೇ. ಹೊಡೆದರೆ ಕುದುರೆ ಬಿ4ರ ಕಾವಲನ್ನು ಬಿಟ್ಟುಹೋಗುತ್ತದೆ, ರಾಣಿ ಎ4ಕ್ಕೆ ಬಂದು ಚೆಕ್ ಕೊಡುತ್ತದೆ, ತಪ್ಪಿಸಿಕೊಂಡಿದ್ದ ಒಂಟೆ ಈಗ ಹೋಗುತ್ತದೆ. ಅಲ್ಲಿಯೂ ಕೈ ತಡೆದು, ಕರಿ ರಾಣಿಯನ್ನು ಎಫ್6ಕ್ಕೆ ತಂದು ಎಫ್4ರ ಮೇಲೆ ಒತ್ತಡ ಹೆಚ್ಚಿಸುವುದು ಲೇಸು. ಹೊಡೆಯುವ ಹೊತ್ತು ಬಂದರೆ ರಾಣಿಯೇ ಹೊಡೆಯಬಹುದು, ಕುದುರೆ ಡಿ5ರಲ್ಲೇ ನಿಂತು ಒಂಟೆಯನ್ನು ಕಾಯಬಹುದು.