ಎರಡು ಚಿಕ್ಕವನ್ನು ಕೂಡಿಸುತ್ತ ಹೋದರೆ

ಕಂಪ್ಯೂಟರಿನಲ್ಲಿ ಕನ್ನಡದ ಒಂದು ‘ರ’ ಬರೆದಿಟ್ಟರೆ ಸಾಮಾನ್ಯವಾಗಿ ಅದಕ್ಕೆ 24 ಬಿಟ್ ಜಾಗ ಬೇಕು. ಅಂದರೆ ಸೊನ್ನೆ ಇಲ್ಲವೇ ಒಂದು ಹಿಡಿಸುವ 24 ಮನೆಗಳು. ‘ಝ’ಕ್ಕೂ ಅಷ್ಟೇ. ‘ರ’ ಸಾಲುಸಾಲಿಗೂ ಬರುತ್ತದೆ, ‘ಝ’ ಪುಟಗಟ್ಟಲೆ ಓದಿದರೂ ಕಾಣಿಸದೇ ಹೋಗಬಹುದು. ಮತ್ತೆ ಮತ್ತೆ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದನೆಯ ಸಂಕೇತ ಕೊಟ್ಟರೆ ಒಟ್ಟು ಜಾಗ ಉಳಿಯುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ಮಾತು. ತಂತಿ ಕಳಿಸುತ್ತಿದ್ದ ಕಾಲದ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಬರೀ ಒಂದು ಚುಕ್ಕಿ ಸಿಕ್ಕಿದ್ದು ಇದೇ ಕಾರಣಕ್ಕೆ.

ಆದರೆ ಮೋರ್ಸ್ ಕಳಿಸುವವರು ಒಂದು ಅಕ್ಷರ ಮುಗಿದ ಮೇಲೆ ಕ್ಷಣ ತಡೆದು ಮುಂದಿನದನ್ನು ಶುರು ಮಾಡುತ್ತಿದ್ದರು. ಕಡತದೊಳಗೆ ಆ ಬಿಡುವು ಇಲ್ಲ. ಅಲ್ಲಿರುವುದು ಸೊನ್ನೆ ಮತ್ತು ಒಂದು ಮಾತ್ರ, ಅದೂ ಒಂದಕ್ಕೊಂದು ಅಂಟಿಕೊಂಡ ಸಾಲು. ‘ರ’ಕ್ಕೆ 0, ‘ವ’ಕ್ಕೆ 1, ‘ಅ’ಕ್ಕೆ 01 ಎಂದು ಗೊತ್ತುಮಾಡಿದೆವು ಎನ್ನಿ. ಈಗ 01 ಎಂದು ಬಂದರೆ ಅದು ‘ರವ’ವೋ ‘ಅ’ವೋ ಹೇಳುವುದು ಹೇಗೆ? ಇದನ್ನು ತಪ್ಪಿಸಲು ಒಂದೇ ಕಟ್ಟುಪಾಡು ಸಾಕು: ಯಾವ ಅಕ್ಷರದ ಸಂಕೇತವೂ ಇನ್ನೊಂದರ ಸಂಕೇತದ ಮೊದಲ ಭಾಗವಾಗಿ ಬರಬಾರದು. ಇಂಥದ್ದನ್ನು ಪ್ರಿಫಿಕ್ಸ್ ಕೋಡ್ ಎನ್ನುತ್ತಾರೆ. ಬುಡದಿಂದ ಎರಡೆರಡಾಗಿ ಕವಲೊಡೆಯುತ್ತ ಹೋಗುವ ಒಂದು ಟ್ರೀ ಬರೆದು, ಎಡಗವಲಿಗೆ 0, ಬಲಗವಲಿಗೆ 1 ಎಂದಿಟ್ಟುಕೊಂಡು, ಅಕ್ಷರಗಳನ್ನು ಕವಲುಗಳ ತುದಿಯಲ್ಲಿ ಮಾತ್ರ ಕೂರಿಸಿದರೆ ಈ ಕಟ್ಟುಪಾಡು ತಾನಾಗಿಯೇ ಪಾಲನೆಯಾಗುತ್ತದೆ. ಒಂದು ತುದಿ ಇನ್ನೊಂದು ತುದಿಗೆ ಹೋಗುವ ದಾರಿಯಲ್ಲಿ ಸಿಗುವುದಿಲ್ಲವಲ್ಲ.

ಅಂಥ ಟ್ರೀಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಅತಿ ಕಡಿಮೆ ಬಿಟ್‌ನಲ್ಲಿ ಕೆಲಸ ಮುಗಿಸುವುದು ಯಾವುದು? ಕ್ಲಾಡ್ ಶಾನನ್ ಮತ್ತು ರಾಬರ್ಟ್ ಫ್ಯಾನೊ 1940ರ ದಶಕದ ಕೊನೆಯಲ್ಲಿ ಕೊಟ್ಟ ಉತ್ತರ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ಫ್ಯಾನೊ ಅವರ ವಿಧಾನದಲ್ಲಿ ಅಕ್ಷರಗಳನ್ನು ಅವು ಬರುವ ಸಲಗಳ ಪ್ರಕಾರ ಜೋಡಿಸಿ, ಎರಡೂ ಕಡೆ ಮೊತ್ತ ಹೆಚ್ಚುಕಡಿಮೆ ಸಮವಾಗುವಂತೆ ಒಡೆಯಬೇಕು, ಒಡೆದದ್ದನ್ನು ಮತ್ತೆ ಒಡೆಯಬೇಕು. ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು, ಆದರೆ ಪ್ರತಿ ಸಲವೂ ಅತ್ಯುತ್ತಮವಾಗಿರುತ್ತಿರಲಿಲ್ಲ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫ್ಯಾನೊ ತಮ್ಮ ತರಗತಿಯವರಿಗೆ ಕೊನೆಯ ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಪ್ರಬಂಧ ಕೊಡಿ ಎಂದರು. ಪ್ರಬಂಧದ ವಿಷಯ ಇದೇ ಸಮಸ್ಯೆ. ಅದು ಇನ್ನೂ ಬಗೆಹರಿಯದೆ ಉಳಿದಿದೆ ಎಂದು ಮಾತ್ರ ಅವರು ಹೇಳಲಿಲ್ಲ. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ತಿಂಗಳುಗಟ್ಟಲೆ ತಿಣುಕಾಡಿ, ಇನ್ನು ಪರೀಕ್ಷೆಗೇ ಓದಿಕೊಳ್ಳುವುದೆಂದು ಕೈಬಿಡುವ ಹೊತ್ತಿಗೆ ಉತ್ತರ ಹೊಳೆಯಿತು. ಮೇಲಿನಿಂದ ಒಡೆಯುವುದಲ್ಲ, ಕೆಳಗಿನಿಂದ ಕೂಡಿಸುತ್ತ ಬರಬೇಕು. 1952ರಲ್ಲಿ ಆ ವಿಧಾನ ಅಚ್ಚಾಯಿತು.

ಅದನ್ನು ಕನ್ನಡದ ಒಂದು ಪುಟ್ಟ ಸಾಲಿನ ಮೇಲೆ ಮಾಡಿ ನೋಡೋಣ: ‘ಅವರವರ ಮರ, ಅವರವರ ದನ, ಅವರವರ ಮನ’. ತೆರಪು ಮತ್ತು ಅಲ್ಪವಿರಾಮ ಬಿಟ್ಟರೆ ಇದರಲ್ಲಿ 21 ಅಕ್ಷರಗಳಿವೆ. ‘ರ’ 7 ಸಲ, ‘ವ’ 6, ‘ಅ’ 3, ‘ಮ’ 2, ‘ನ’ 2, ‘ದ’ ಒಂದೇ ಸಲ. ಆರು ಬಗೆಯ ಅಕ್ಷರಗಳಿಗೂ ಒಂದೇ ಉದ್ದದ ಸಂಕೇತ ಕೊಡುವುದಾದರೆ ತಲಾ 3 ಬಿಟ್ ಬೇಕು, ಒಟ್ಟು 63.

ಹಫ್‌ಮನ್ ವಿಧಾನದಲ್ಲಿ ಪ್ರತಿ ಸಲವೂ ಇರುವುದರಲ್ಲಿ ಅತಿ ಚಿಕ್ಕ ಎರಡನ್ನು ಎತ್ತಿ, ಕೂಡಿಸಿ, ಆ ಮೊತ್ತವನ್ನು ಮತ್ತೆ ಗುಂಪಿಗೆ ಸೇರಿಸುತ್ತೇವೆ. ಆರು ಅಕ್ಷರಗಳಿದ್ದರೆ ಚಿಕ್ಕದು ಯಾವುದೆಂದು ಕಣ್ಣಿಗೇ ಕಾಣುತ್ತದೆ. ಸಾವಿರಾರು ಇದ್ದಾಗ ಪ್ರತಿ ಸಲವೂ ಪೂರ್ತಿ ಪಟ್ಟಿ ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೇ ಇಂದು ಇದನ್ನು ಬರೆಯುವವರು ಮಿನ್-ಹೀಪ್ ಬಳಸುವುದು. 1964ರಲ್ಲಿ ಜೆ. ಡಬ್ಲ್ಯೂ. ಜೆ. ವಿಲಿಯಮ್ಸ್ ಪ್ರಕಟಿಸಿದ ಏರ್ಪಾಡು ಇದು. ಹಫ್‌ಮನ್ ಅವರ ಕೈಯಲ್ಲಿ ಆಗ ಇದ್ದಿರಲಿಲ್ಲ. ಹೀಪ್‌ನಲ್ಲಿ ಎಲ್ಲವನ್ನೂ ಕ್ರಮವಾಗಿ ಜೋಡಿಸುವ ಗೋಜಿಲ್ಲ. ಪ್ರತಿಯೊಂದೂ ತನ್ನ ಕೆಳಗಿನ ಎರಡಕ್ಕಿಂತ ದೊಡ್ಡದಾಗಿರಬಾರದು, ಅಷ್ಟೇ ನಿಯಮ. ಹಾಗಾಗಿ ಎಲ್ಲಕ್ಕಿಂತ ಚಿಕ್ಕದು ಯಾವಾಗಲೂ ತಲೆಯ ಮೇಲೇ ಇರುತ್ತದೆ.

ನಮ್ಮ ಹೀಪ್‌ನ ತಲೆಯಲ್ಲಿ ದ1 ಇದೆ. ಅದರ ಕೆಳಗೆ ನ2 ಮತ್ತು ಮ2. ‘ನ’ದ ಕೆಳಗೆ ಅ3 ಮತ್ತು ವ6, ‘ಮ’ದ ಕೆಳಗೆ ರ7. ‘ದ’ವನ್ನು ಎತ್ತಿದ ಕೂಡಲೇ ತಲೆಯ ಜಾಗ ಖಾಲಿಯಾಗುತ್ತದೆ, ಕಟ್ಟಕಡೆಯಲ್ಲಿದ್ದ ‘ರ’ವನ್ನು ತಂದು ಅಲ್ಲಿ ಕೂರಿಸುತ್ತೇವೆ. 7 ಅಲ್ಲಿ ನಿಲ್ಲುವಂಥದ್ದಲ್ಲ. ಕೆಳಗಿನ ನ2 ಜೊತೆ ಜಾಗ ಬದಲಿಸಿ ಇಳಿಯುತ್ತದೆ, ಅಲ್ಲಿ ಅ3 ಸಿಕ್ಕಾಗ ಮತ್ತೊಂದು ಮೆಟ್ಟಿಲು ಇಳಿಯುತ್ತದೆ. ಎರಡೇ ಬದಲಾವಣೆಗೆ ಹೀಪ್ ಸರಿಹೋಯಿತು, ತಲೆಯಲ್ಲಿ ಈಗ ‘ನ’. ಸಾವಿರ ಸಂಖ್ಯೆಗಳಿರುವ ಹೀಪ್‌ನಲ್ಲೂ ಹೀಗೆ ಇಳಿಯುವುದು ಹತ್ತು ಮೆಟ್ಟಿಲೊಳಗೆ ಮುಗಿಯುತ್ತದೆ.

‘ನ’ವನ್ನೂ ಎತ್ತಿ ‘ದ’ದ ಜೊತೆ ಕೂಡಿಸಿದರೆ 3. ಈ ‘ದನ’ ಜೋಡಿ ಇನ್ನು ಒಂದೇ ಅಕ್ಷರವೋ ಎಂಬಂತೆ ಹೀಪ್‌ಗೆ ಮರಳುತ್ತದೆ. ಮುಂದಿನ ಚಿಕ್ಕದು ಮ2. ಅದಾದ ಮೇಲೆ 3 ಎರಡಿವೆ, ‘ಅ’ ಮತ್ತು ‘ದನ’ ಜೋಡಿ. ನಮ್ಮ ಹೀಪ್‌ನಲ್ಲಿ ಆ ಹೊತ್ತಿಗೆ ತಲೆಗೆ ಬಂದಿರುವುದು ಜೋಡಿ. ಅದನ್ನೇ ‘ಮ’ದ ಜೊತೆ ಕೂಡಿಸಿ 5 ಮಾಡುತ್ತೇವೆ. ಬಳಿಕ ಅ3 ಮತ್ತು ಈ 5 ಸೇರಿ 8. ಈಗ ವ6, ರ7 ಅದಕ್ಕಿಂತ ಚಿಕ್ಕವು, ಅವೆರಡೂ ಸೇರಿ 13. ಕೊನೆಗೆ 8 ಮತ್ತು 13 ಸೇರಿ 21, ಟ್ರೀ ಪೂರ್ತಿಯಾಯಿತು. ಪ್ರತಿ ಕೂಡಿಕೆಯಲ್ಲಿ ಮೊದಲು ಎತ್ತಿದ್ದಕ್ಕೆ 0, ಆಮೇಲಿನದಕ್ಕೆ 1 ಎಂದು ಬುಡದಿಂದ ಓದಿಕೊಂಡು ಬಂದರೆ ಸಂಕೇತಗಳು ಹೀಗೆ:

```
ಅ  00
ವ  10
ರ  11
ಮ  010
ದ  0110
ನ  0111
```

ರ, ವ, ಅ ಸೇರಿ 16 ಅಕ್ಷರಗಳಿಗೆ 32 ಬಿಟ್, ಎರಡು ‘ಮ’ಕ್ಕೆ 6, ‘ದ’ ಮತ್ತು ಎರಡು ‘ನ’ಕ್ಕೆ 12. ಒಟ್ಟು 50. ಬೇರೆ ದಾರಿಯಲ್ಲೂ ತಾಳೆ ನೋಡಬಹುದು: ಕೂಡಿಸಿದಾಗಲೆಲ್ಲ ಬಂದ 3, 5, 8, 13, 21 ಇವುಗಳ ಮೊತ್ತವೂ 50. ಒಂದು ಕೂಡಿಕೆಯೆಂದರೆ ಅದರೊಳಗಿನ ಪ್ರತಿ ಅಕ್ಷರದ ಸಂಕೇತವೂ ಒಂದು ಬಿಟ್ ಉದ್ದವಾಯಿತು ಎಂದರ್ಥ, ಅದಕ್ಕೇ ಈ ಲೆಕ್ಕ ಕೂಡುತ್ತದೆ.

ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಅಗ್ಗವಾಗಿ ಕಂಡದ್ದನ್ನು ಹಿಡಿದುಕೊಂಡು, ಹಿಂದಿರುಗಿ ನೋಡದೆ ಮುಂದೆ ಹೋಗುವ ಇಂಥ ವಿಧಾನಕ್ಕೆ ಗ್ರೀಡಿ ಎಂಬ ಹೆಸರು. ಇಂಥವು ಎಷ್ಟೋ ಕಡೆ ಕೈಕೊಡುತ್ತವೆ. ಇಲ್ಲೇಕೆ ಕೊಡುವುದಿಲ್ಲ? ನಮ್ಮ ಟ್ರೀಯಲ್ಲಿ ‘ದ’ ಮತ್ತು ‘ರ’ಗಳ ಜಾಗ ಅದಲುಬದಲು ಮಾಡಿ. ಒಂದು ಸಲ ಬರುವ ‘ದ’ದಲ್ಲಿ 2 ಬಿಟ್ ಉಳಿಯಿತು, ಏಳು ಸಲ ಬರುವ ‘ರ’ದಲ್ಲಿ 14 ಬಿಟ್ ಹೋಯಿತು. 50 ಇದ್ದದ್ದು 62 ಆಯಿತು. ಅಪರೂಪದ ಅಕ್ಷರ ಮೇಲೆ, ಬಳಕೆಯದು ಆಳದಲ್ಲಿ ಇರುವ ಯಾವ ಟ್ರೀಯನ್ನಾದರೂ ಹೀಗೆ ತಿದ್ದಿ ಅಗ್ಗ ಮಾಡಬಹುದು. ಆದ್ದರಿಂದ ಅತಿ ಅಪರೂಪದ ಎರಡು ಅಕ್ಷರಗಳು ಎಲ್ಲಕ್ಕಿಂತ ಆಳದಲ್ಲಿ, ಒಂದೇ ಕವಲಿನ ಅಕ್ಕಪಕ್ಕದಲ್ಲಿ ಕೂರುವಂಥ ಅತ್ಯುತ್ತಮ ಟ್ರೀ ಒಂದಾದರೂ ಇದ್ದೇ ಇರುತ್ತದೆ. ಅವೆರಡನ್ನು ಮೊದಲೇ ಕೂಡಿಸಿದ್ದರಿಂದ ನಾವು ಏನನ್ನೂ ಕಳೆದುಕೊಂಡಿಲ್ಲ. ಕೂಡಿಸಿದ ಮೇಲೆ ಉಳಿಯುವುದು ಒಂದು ಅಕ್ಷರ ಕಡಿಮೆಯಿರುವ ಅದೇ ಸಮಸ್ಯೆ, ಅಲ್ಲೂ ಇದೇ ವಾದ ನಿಲ್ಲುತ್ತದೆ. ಮೇಲಿನಿಂದ ಒಡೆಯುವವರಿಗೆ ಈ ಭರವಸೆ ಇರಲಿಲ್ಲ. ಮೊದಲ ಒಡೆತವೇ ತಪ್ಪಿದರೆ ಆಮೇಲಿನ ಒಡೆತಗಳಿಂದ ಅದು ಸರಿಹೋಗದು.

ಎರಡು 3 ಎದುರಾದಾಗ ‘ದನ’ ಜೋಡಿಯ ಬದಲು ‘ಅ’ವನ್ನು ‘ಮ’ದ ಜೊತೆ ಕೂಡಿಸಿದ್ದರೆ? ಟ್ರೀ ಬೇರೆಯೇ ಆಗುತ್ತಿತ್ತು: ‘ರ’ ಮತ್ತು ‘ವ’ಕ್ಕೆ ತಲಾ 2 ಬಿಟ್, ಉಳಿದ ನಾಲ್ಕಕ್ಕೂ ತಲಾ 3. ಒಟ್ಟು ಮಾತ್ರ ಅದೇ 50. ಹೀಗಾಗಿ ಒಂದೇ ಪಠ್ಯಕ್ಕೆ ಇಬ್ಬರು ಬರೆದ ಪ್ರೋಗ್ರಾಮುಗಳು ಬೇರೆ ಬೇರೆ ಸಂಕೇತ ಕೊಟ್ಟರೆ ಅದು ತಪ್ಪೆಂದು ಹೇಳಲಾಗದು. ಒಟ್ಟು ಬಿಟ್ ಬೇರೆಯಾದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ. ಬಿಡಿಸುವವರಿಗೆ ಯಾವ ಟ್ರೀ ಬಳಸಿದ್ದೆಂದು ತಿಳಿಯಬೇಕಾದ್ದರಿಂದ ಅದನ್ನೂ ಕಡತದ ಜೊತೆಗೇ ಕಳಿಸಬೇಕು. ಇಂಥ 21 ಅಕ್ಷರದ ಸಾಲಿನಲ್ಲಿ ಉಳಿಸಿದ 13 ಬಿಟ್ಟುಗಳನ್ನು ಆ ವಿವರವೇ ನುಂಗಿಬಿಡುತ್ತದೆ. ಕಡತ ದೊಡ್ಡದಿದ್ದರೇ ಇದು ಗಿಟ್ಟುವುದು.

ಬಿಡಿಸುವ ಕೆಲಸ ಸುಲಭ. ‘ಅವರವರ ಮರ’ ಎಂಬುದು ನಮ್ಮ ಸಂಕೇತದಲ್ಲಿ 001011101101011 ಆಗುತ್ತದೆ. ಬುಡದಿಂದ ಹೊರಟು 0, 0 ಎಂದು ಇಳಿದರೆ ‘ಅ’ ಸಿಕ್ಕಿತು, ಮತ್ತೆ ಬುಡಕ್ಕೆ. 1, 0 ಎಂದರೆ ‘ವ’, ಮತ್ತೆ ಬುಡಕ್ಕೆ. ಎಲ್ಲೂ ಅನುಮಾನವಿಲ್ಲ. ಆದರೆ ಕಳಿಸುವಾಗ ಮೊದಲ ಸೊನ್ನೆಯೊಂದು ಬಿದ್ದುಹೋಯಿತೆನ್ನಿ. ಆಗ ಓದುವವರಿಗೆ ಸಿಗುವುದು 010, 11, 10, 11, 010, 11: ‘ಮರವರಮರ’. ‘ಅವ’ ಇದ್ದಲ್ಲಿ ‘ಮ’ ಬಂತು, ಮಿಕ್ಕದ್ದು ಮತ್ತೆ ಹಳಿಗೆ ಬಿತ್ತು. ಇಲ್ಲಿ ಬೇಗ ಹಳಿಗೆ ಬಿದ್ದದ್ದು ಅದೃಷ್ಟ, ಎಷ್ಟೋ ಸಲ ಇನ್ನೂ ಉದ್ದಕ್ಕೆ ಕೆಡುತ್ತದೆ. ಕೆಟ್ಟಿದೆ ಎಂಬ ಸುಳಿವೇ ಬಿಡಿಸುವ ಪ್ರೋಗ್ರಾಮಿಗೆ ಸಿಗುವುದಿಲ್ಲ, ಏಕೆಂದರೆ ಬಂದದ್ದೆಲ್ಲವೂ ಟ್ರೀಯಲ್ಲಿರುವ ಸಂಕೇತಗಳೇ. ಅದಕ್ಕಾಗಿ ಜಿಝಿಪ್ ಕಡತಗಳ ಕೊನೆಯಲ್ಲಿ ಪರೀಕ್ಷೆಗೆಂದೇ 32 ಬಿಟ್‌ನ ಒಂದು ಮೊತ್ತ ಇಟ್ಟಿರುತ್ತಾರೆ. ಬಿಡಿಸಿದ ಮೇಲೆ ಅದನ್ನು ಮತ್ತೆ ಲೆಕ್ಕಹಾಕಿ ತಾಳೆಯಾಗದಿದ್ದರೆ ಕಡತ ಕೆಟ್ಟಿದೆ ಎಂದು ತಿಳಿಯುತ್ತದೆ.

ಹಫ್‌ಮನ್ ವಿಧಾನಕ್ಕೊಂದು ದೊಡ್ಡ ಮಿತಿಯಿದೆ, ಅದು ಕನ್ನಡ ಬರಹದಲ್ಲಿ ಎದ್ದು ಕಾಣುತ್ತದೆ. ಕುಗ್ಗಿಸುವ ತಂತ್ರಾಂಶಗಳು ಸಾಮಾನ್ಯವಾಗಿ ನೋಡುವುದು ಅಕ್ಷರವನ್ನಲ್ಲ, 8 ಬಿಟ್‌ನ ಬೈಟನ್ನು. ಯುಟಿಎಫ್-8ರಲ್ಲಿ ‘ರ’ ಎಂದರೆ E0 B2 B0 ಎಂಬ ಮೂರು ಬೈಟು, ‘ವ’ ಎಂದರೆ E0 B2 B5. ನಮ್ಮ ಸಾಲಿನ 21 ಅಕ್ಷರಗಳಲ್ಲೂ ಮೊದಲೆರಡು ಬೈಟು ಒಂದೇ. ಅವು ಹೊಸದಾಗಿ ಏನನ್ನೂ ಹೇಳುತ್ತಿಲ್ಲ. ಆದರೂ ಹಫ್‌ಮನ್ ಸಂಕೇತ ಯಾವುದಕ್ಕೂ ಒಂದು ಬಿಟ್‌ಗಿಂತ ಕಡಿಮೆ ಕೊಡಲಾರದು, ಹಿಂದೆ ಏನು ಬಂತೆಂದು ನೋಡಲೂ ಆರದು. ಆ 63 ಬೈಟುಗಳಿಗೆ ಇದೇ ವಿಧಾನ ಹಾಕಿದರೆ 155 ಬಿಟ್ ಬೇಕಾಗುತ್ತದೆ, ಅಕ್ಷರಗಳ ಮೇಲೆ ಹಾಕಿದಾಗಿನ ಮೂರರಷ್ಟು.

ಝಿಪ್ ಕಡತಗಳಲ್ಲೂ ಪಿಎನ್‌ಜಿ ಚಿತ್ರಗಳಲ್ಲೂ ಬಳಕೆಯಲ್ಲಿರುವ ಡಿಫ್ಲೇಟ್ ವಿಧಾನ ಈ ಕಾರಣಕ್ಕೇ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದಲ್ಲಿ ಹಿಂದೆ ಬಂದದ್ದೇ ಮತ್ತೆ ಬಂದರೆ ‘ಇಷ್ಟು ಹಿಂದೆ ಹೋಗಿ, ಇಷ್ಟು ಬೈಟು ನಕಲು ಮಾಡು’ ಎಂದು ಬರೆದಿಡುತ್ತದೆ. ಎರಡನೆಯ ‘ಅವರವರ’ ಪೂರ್ತಿಯಾಗಿ ಅಂಥ ಒಂದೇ ಸೂಚನೆಯಲ್ಲಿ ಅಡಗುತ್ತದೆ. ಹಾಗೆ ಉಳಿದ ಬೈಟುಗಳೂ ಸೂಚನೆಗಳೂ ಎರಡನೆಯ ಹಂತದಲ್ಲಿ ಹಫ್‌ಮನ್ ಸಂಕೇತ ಪಡೆಯುತ್ತವೆ. ಅಲ್ಲಿ ಯಾವ ಸಂಕೇತವೂ 15 ಬಿಟ್ ಮೀರುವಂತಿಲ್ಲ, ಕಡತದ ಜೊತೆ ಕಳಿಸುವುದೂ ಟ್ರೀಯನ್ನಲ್ಲ, ಪ್ರತಿ ಸಂಕೇತದ ಉದ್ದವನ್ನು ಮಾತ್ರ. ಉದ್ದಗಳು ಗೊತ್ತಿದ್ದರೆ ಒಂದೇ ನಿಯಮ ಅನುಸರಿಸಿ ಎರಡೂ ಕಡೆಯವರು ಅವೇ ಸಂಕೇತಗಳನ್ನು ಮತ್ತೆ ಕಟ್ಟಿಕೊಳ್ಳಬಹುದು.