ಇಪ್ಪತ್ತೈದರ ಕಾರ್ಯದರ್ಶಿ, ಐವತ್ತೈದರ ಹಾಲು ಪರೀಕ್ಷಕ

ನಮ್ಮ ಅನೇಕ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಳೆಯ ಕಾರ್ಯದರ್ಶಿಗಳು ನಿವೃತ್ತರಾಗಿ, ಓದಿದ ಹುಡುಗ ಹುಡುಗಿಯರು ಆ ಕುರ್ಚಿಗೆ ಬರುತ್ತಿದ್ದಾರೆ. ಆದರೆ ಹಾಲು ಪರೀಕ್ಷಕರು ಹಳಬರೇ. ಕಾರ್ಯದರ್ಶಿ ಹುಟ್ಟುವ ಮೊದಲೇ ಡೇರಿಯಲ್ಲಿ ಹಾಲು ಅಳೆದವರು, ಊರಿನಲ್ಲಿ ಎಲ್ಲರಿಗೂ ಅಣ್ಣನೋ ಮಾವನೋ ಆದವರು. ಅಂಥವರಿಗೆ ಕೆಲಸ ಹೇಳುವುದು ಹೇಗೆ? ಹೇಳದೆ ಬಿಟ್ಟರೆ ನಷ್ಟ ಯಾರಿಗೆ? ಸಂಘದ ಲೆಕ್ಕಕ್ಕೆ ನೇರವಾಗಿ ತಟ್ಟುವ ಒಂದು ಉದಾಹರಣೆಯನ್ನೇ ತೆಗೆದುಕೊಂಡು ನೋಡೋಣ.

ವ್ಯತ್ಯಾಸ ಕಂಡಾಗ

ದಿನಕ್ಕೆ 600 ಲೀಟರ್ ಹಾಲು ಬರುವ ಒಂದು ಸಂಘ ಎಂದಿಟ್ಟುಕೊಳ್ಳಿ. ಸಂಘದ ಪುಸ್ತಕದಲ್ಲಿ ಸರಾಸರಿ ಜಿಡ್ಡು 4.2. ಅದೇ ಹಾಲಿಗೆ ಒಕ್ಕೂಟದಿಂದ ಬರುವ ಚೀಟಿಯಲ್ಲಿ 4.0. ಹೊಸ ಕಾರ್ಯದರ್ಶಿ ಲೆಕ್ಕ ಹಾಕುತ್ತಾನೆ: 600 ಲೀಟರ್ ಎಂದರೆ ಸುಮಾರು 618 ಕಿಲೋ. ಅದರಲ್ಲಿ 0.2 ಭಾಗವೆಂದರೆ ದಿನಕ್ಕೆ ಸುಮಾರು 1.2 ಕಿಲೋ, ತಿಂಗಳಿಗೆ 36 ಕಿಲೋಗೂ ಹೆಚ್ಚು ಜಿಡ್ಡು. ಅಷ್ಟಕ್ಕೆ ಸದಸ್ಯರಿಗೆ ಹಣ ಕೊಟ್ಟಾಗಿದೆ, ಒಕ್ಕೂಟದಿಂದ ಬಂದಿಲ್ಲ. ಕೊನೆಗೆ ಅದು ವರ್ಷದ ಲಾಭದಲ್ಲಿ, ಎಂದರೆ ಸದಸ್ಯರ ಬೋನಸ್‌ನಲ್ಲೇ ಕಡಿತವಾಗುತ್ತದೆ.

ಎರಡು ದಿನ ಪಕ್ಕದಲ್ಲಿ ನಿಂತು ನೋಡಿದಾಗ ಅವನಿಗೆ ಕಾರಣ ಕಂಡಂತಾಯಿತು. ಹಿರಿಯ ಪರೀಕ್ಷಕರು ಸರದಿಯಲ್ಲಿರುವ ಪಾತ್ರೆಯಿಂದಲೇ, ಕಲಕದೆ, ಮೇಲಿನ ಹಾಲನ್ನು ಮಾದರಿಗೆ ತೆಗೆಯುತ್ತಾರೆ. ಹಾಲು ಹದಿನೈದು ಇಪ್ಪತ್ತು ನಿಮಿಷ ಅಲುಗದೆ ನಿಂತರೆ ಜಿಡ್ಡು ಮೇಲಕ್ಕೆ ಸೇರಲು ಶುರುವಾಗುತ್ತದೆ. ಮೇಲಿನ ಮಾದರಿ ಇಡೀ ಪಾತ್ರೆಯ ಹಾಲಿಗಿಂತ ಹೆಚ್ಚು ಜಿಡ್ಡು ತೋರಿಸುತ್ತದೆ.

ಮೂರು ತಪ್ಪು ದಾರಿಗಳು

ಇಲ್ಲಿ ಚಿಕ್ಕ ವಯಸ್ಸಿನವರು ಸಾಮಾನ್ಯವಾಗಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಸರದಿಯಲ್ಲಿದ್ದವರ ಎದುರಿಗೇ “ಹಾಗೆ ತೆಗೆಯಬಾರದು” ಎಂದುಬಿಡುವುದು ಮೊದಲನೆಯದು. ಹಾಗೆಂದ ಕೂಡಲೇ ಮಾತು ಹಾಲಿನದಾಗಿ ಉಳಿಯುವುದಿಲ್ಲ, ಮರ್ಯಾದೆಯದಾಗುತ್ತದೆ. ಹೇಳಲು ಅಳುಕಿ ತಾನೇ ಮಾದರಿ ತೆಗೆಯಲು ನಿಲ್ಲುವುದು ಎರಡನೆಯದು. ಪರೀಕ್ಷಕರು ಕೈಕಟ್ಟಿ ಕೂರುತ್ತಾರೆ, ಕಾರ್ಯದರ್ಶಿಯ ಪುಸ್ತಕದ ಕೆಲಸ ಹಿಂದೆ ಬೀಳುತ್ತದೆ. ಅಧ್ಯಕ್ಷರಿಂದ ಹೇಳಿಸುವುದು ಮೂರನೆಯದು. ಅಂದಿನಿಂದ ಪರೀಕ್ಷಕರೂ ಪ್ರತಿ ಮಾತಿಗೆ ಅಧ್ಯಕ್ಷರ ಮನೆಗೇ ಹೋಗುತ್ತಾರೆ.

ಮೊದಲು ಕಾರಣ ಕೇಳಿ

ಹಾಲು ಕಳಿಸಿ, ಡೇರಿ ತೊಳೆದಾದ ಮೇಲೆ, ಇಬ್ಬರೇ ಇರುವಾಗ ಕೇಳುವುದು ಒಳ್ಳೆಯದು. “ಅಣ್ಣ, ನಮಗೂ ಒಕ್ಕೂಟಕ್ಕೂ 0.2 ವ್ಯತ್ಯಾಸ ಬರ್ತಿದೆ. ತೂಕಕ್ಕೆ ಸುರಿಯುವ ಮೊದಲೇ ನೀವು ಮಾದರಿ ತೆಗೀತೀರಲ್ಲ, ಅದು ಯಾಕೆ?” ಎಂದು ನೇರವಾಗಿ ಕೇಳಬೇಕು. ಇದು ನಯಕ್ಕಾಗಿ ಕೇಳುವ ಪ್ರಶ್ನೆಯಲ್ಲ. ಹಳೆಯ ರೂಢಿಯ ಹಿಂದೆ ಬಹಳ ಸಲ ಗಟ್ಟಿ ಕಾರಣವೇ ಇರುತ್ತದೆ.

ಇಲ್ಲಿ ಬಂದ ಉತ್ತರ ಹೀಗಿತ್ತು: “ಸುರಿದ ಮೇಲೆ ಹಾಲು ಹುಳಿ ಅಂತ ಗೊತ್ತಾದ್ರೆ ವಾಪಸ್ ಕೊಡೋದು ಹೇಗೆ ಮಗಾ? ಪಾತ್ರೆಯಲ್ಲೇ ವಾಸನೆ ನೋಡಿ, ಅಲ್ಲೇ ಮಾದರಿ ತೆಗೆದರೆ ಎರಡೂ ಕೆಲಸ ಒಂದೇ ಸಲ ಮುಗಿಯುತ್ತೆ.” ಅವರು ಇನ್ನೊಂದು ಮಾತನ್ನೂ ಸೇರಿಸಿದರು: “ವ್ಯತ್ಯಾಸ ನನ್ನದೊಂದೇ ಅಲ್ಲ. ಬಿಎಂಸಿ ಟ್ಯಾಂಕಿನ ಕಲಕುವ ಯಂತ್ರ ಹಾಕಿ ಒಂದು ನಿಮಿಷಕ್ಕೇ ಮಾದರಿ ತೆಗೀತಾರೆ, ಅದನ್ನೂ ನೋಡು.”

ಎರಡೂ ನಿಜ. ಟ್ಯಾಂಕಿನಲ್ಲಿ ಕೆನೆ ಮೇಲೆ ಕಟ್ಟಿರುವಾಗ ಕೆಳಗಿನ ಕೊಳಾಯಿಯಿಂದ ಮಾದರಿ ತೆಗೆದರೆ ಜಿಡ್ಡು ಕಡಿಮೆ ಬರುತ್ತದೆ. ಟ್ಯಾಂಕಿನ ಗಾತ್ರಕ್ಕೆ ತಕ್ಕಂತೆ ಐದರಿಂದ ಹತ್ತು ನಿಮಿಷ ಕಲಕಿದ ಮೇಲೆ ತೆಗೆಯಬೇಕು. ಈ ಅರ್ಧ ಸತ್ಯ ಕಾರ್ಯದರ್ಶಿಗೆ ಗೊತ್ತಿರಲಿಲ್ಲ. ಕೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

ವಾದ ಬೇಡ, ಅಳತೆ ಮಾಡಿ

ಇಪ್ಪತ್ತೈದು ವರ್ಷದ ಅನುಭವದ ಮುಂದೆ ತರಬೇತಿಯ ಪುಸ್ತಕ ಹಿಡಿದು ಗೆಲ್ಲಲಾಗದು. ಇಬ್ಬರೂ ಒಪ್ಪುವ ಅಳತೆ ಬೇಕು. ಮೂರು ದಿನ, ದಿನಕ್ಕೆ ಐದು ಪಾತ್ರೆ ಆರಿಸಿ. ಪ್ರತಿ ಪಾತ್ರೆಯಿಂದ ಕಲಕದೆ ಒಂದು ಮಾದರಿ, ತೂಕದ ಬಕೆಟ್ಟಿಗೆ ಸುರಿದ ಮೇಲೆ ಇನ್ನೊಂದು. ಪರೀಕ್ಷೆಯನ್ನು ಹಿರಿಯರೇ ಮಾಡಲಿ, ಕಾರ್ಯದರ್ಶಿ ಬರೆದುಕೊಳ್ಳಲಿ. ಮೊದಲನೆಯದು 4.5, ಎರಡನೆಯದು 4.1 ಎಂದು ಅವರ ಕೈಯಿಂದಲೇ ಬಂದಾಗ ಯಾರೂ ಯಾರಿಗೂ ಪಾಠ ಹೇಳಬೇಕಾಗುವುದಿಲ್ಲ.

ಆಮೇಲೆ ತೀರ್ಮಾನ. ಇದನ್ನು ಹೇಳಬೇಕಾದವನು ಕಾರ್ಯದರ್ಶಿಯೇ. ಸಂಕೋಚದಿಂದ “ನಿಮಗೆ ತೋಚಿದಂತೆ ಮಾಡಿ” ಎಂದರೆ ಹಳೆಯದೇ ಮುಂದುವರಿಯುತ್ತದೆ. ಹೊಸ ಕ್ರಮ ಹೀಗೆ: ಪಾತ್ರೆಯಲ್ಲೇ ವಾಸನೆ, ಬಣ್ಣ ನೋಡಿ ಹಾಲು ತೆಗೆದುಕೊಳ್ಳುವುದೋ ಬಿಡುವುದೋ ಎಂಬುದು ಪರೀಕ್ಷಕರ ಮಾತು, ಅದರಲ್ಲಿ ಕಾರ್ಯದರ್ಶಿ ಕೈಹಾಕುವುದಿಲ್ಲ. ಮಾದರಿ ಮಾತ್ರ ಬಕೆಟ್ಟಿಗೆ ಸುರಿದ ಮೇಲೆಯೇ, ಇದರಲ್ಲಿ ವಿನಾಯಿತಿ ಇಲ್ಲ. ಟ್ಯಾಂಕ್ ಕಲಕುವ ಸಮಯ ನೋಡಿ ಬರೆಯುವುದು ಕಾರ್ಯದರ್ಶಿಯ ಹೊಣೆ. ಹತ್ತು ದಿನದ ನಂತರ ಇಬ್ಬರೂ ಕೂತು ಚೀಟಿ ನೋಡುವುದು. ಅವರ ಅನುಭವಕ್ಕೆ ನಿಜವಾದ ಅಧಿಕಾರ ಒಂದು ಕಡೆ ಇದ್ದಾಗ, ಇನ್ನೊಂದು ಕಡೆಯ ನಿಯಮ ಅವಮಾನವೆನಿಸುವುದಿಲ್ಲ.

ಊರಿನವರ ಮಾತು

ನಿಜವಾದ ಕಷ್ಟ ಇನ್ನು ಮುಂದೆ. ಕ್ರಮ ಸರಿಯಾದ ದಿನದಿಂದ ಸದಸ್ಯರ ಚೀಟಿಯಲ್ಲಿ ಜಿಡ್ಡು ಇಳಿಯುತ್ತದೆ. “ಈ ಹುಡುಗ ಬಂದ ಮೇಲೆ ಫ್ಯಾಟ್ ಕಮ್ಮಿ ಆಯ್ತು, ಹಳಬರೇ ವಾಸಿ” ಎಂಬ ಮಾತು ಏಳುತ್ತದೆ. ಆಗ ಹಿರಿಯ ಪರೀಕ್ಷಕರು ಸುಮ್ಮನಿದ್ದರೂ ಸಾಕು, ಕಾರ್ಯದರ್ಶಿ ಸೋಲುತ್ತಾನೆ. ಆದ್ದರಿಂದ ಆಡಳಿತ ಮಂಡಳಿಗೆ ಮೊದಲೇ ತಿಳಿಸಿ, ಮೂರು ದಿನದ ಅಳತೆಯನ್ನು ಫಲಕದಲ್ಲಿ ಹಾಕಬೇಕು. ವಿವರಿಸಿ ಹೇಳುವ ಕೆಲಸ ಹಿರಿಯರದಾದರೆ ಜನ ನಂಬುತ್ತಾರೆ. ಆದರೆ ಬೈಗುಳ ಬಂದಾಗ “ತೀರ್ಮಾನ ನನ್ನದು” ಎಂದು ಕಾರ್ಯದರ್ಶಿಯೇ ಮುಂದೆ ನಿಲ್ಲಬೇಕು. ಇದರಲ್ಲಿ ಹಿಂದೆ ಸರಿದವನನ್ನು ಹಿರಿಯರು ಮತ್ತೆ ನಂಬುವುದಿಲ್ಲ.

ರೂಢಿಯೋ, ಪಕ್ಷಪಾತವೋ?

ಪ್ರತಿ ವ್ಯತ್ಯಾಸವೂ ರೂಢಿಯ ತಪ್ಪಲ್ಲ. ತಿಳಿಯಲು ಪುಸ್ತಕವನ್ನು ಹೆಸರಿನ ಪ್ರಕಾರ ನೋಡಬೇಕು. ಕಲಕದೆ ಮಾದರಿ ತೆಗೆಯುವ ರೂಢಿಯಿದ್ದರೆ ಹೆಚ್ಚಳ ಎಲ್ಲರಲ್ಲೂ ಹರಡಿರುತ್ತದೆ, ಸರದಿಯಲ್ಲಿ ಹೆಚ್ಚು ಹೊತ್ತು ಕಾದವರಲ್ಲಿ ತುಸು ಜಾಸ್ತಿ. ಯಾರದೋ ಮೇಲಿನ ಒಲವಾದರೆ ಅದೇ ನಾಲ್ಕೈದು ಹೆಸರುಗಳಲ್ಲೇ ನಿಲ್ಲುತ್ತದೆ. ಪರೀಕ್ಷಕರು ರಜೆ ಹಾಕಿದ ದಿನ ವ್ಯತ್ಯಾಸ ಇಳಿದರೆ ಅದೊಂದೇ ಸಾಕ್ಷಿಯಲ್ಲ, ಎರಡು ಸಂದರ್ಭದಲ್ಲೂ ಅದು ಇಳಿಯುತ್ತದೆ. ಅದೇ ಹೆಸರುಗಳು ಮತ್ತೆ ಮತ್ತೆ ಬಂದರೆ, ಅಂಕಿ ತಿದ್ದಿದ ಗುರುತು ಕಂಡರೆ, ಅದು ಅಣ್ಣ ತಮ್ಮನ ಮಾತುಕತೆಯಲ್ಲಿ ಮುಗಿಯುವ ವಿಷಯವಲ್ಲ. ಪುಸ್ತಕದ ಸಮೇತ ಆಡಳಿತ ಮಂಡಳಿಯ ಮುಂದೆ, ಒಕ್ಕೂಟದ ವಿಸ್ತರಣಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ಹೋಗಬೇಕು.

ಸದಸ್ಯರಿಗೂ ಇಲ್ಲಿ ಒಂದು ಕೆಲಸವಿದೆ. ನಿಮ್ಮ ಹಾಲು ತೂಕದ ಬಕೆಟ್ಟಿಗೆ ಬಿದ್ದ ಮೇಲೆಯೇ ಮಾದರಿ ತೆಗೆಯುತ್ತಿದ್ದಾರೆಯೇ ಎಂದು ನೋಡಿ. ತೆಗೆಯುತ್ತಿದ್ದರೆ, ಚೀಟಿಯಲ್ಲಿ ಬರುವ ಅಂಕಿ ನಿಮ್ಮ ಹಸುವಿನದೇ.